ಅರವತ್ತೆರಡು ಸಾವಿರದ ಲೆಕ್ಕ

ಜನವರಿ ಎರಡನೇ ವಾರ. ಬನಾರಸಿನಲ್ಲಿ ಬೆಳಗ್ಗೆ ಹತ್ತಾದರೂ ಮಂಜು ಕರಗುವುದಿಲ್ಲ. ನಮ್ಮ ಮನೆ ಇರುವುದು ಸುಂದರಪುರದ ಕಡೆ, ಮೂರನೇ ಮಹಡಿಯಲ್ಲಿ. ಆ ದಿನಗಳಲ್ಲಿ ಬಾಲ್ಕನಿಯಿಂದ ಕೆಳಗಿನ ಕಚೌರಿ ಅಂಗಡಿಯ ಹೊಗೆ ಯಾವುದು, ಮಂಜು ಯಾವುದು ಎಂದು ಗೊತ್ತಾಗುವುದಿಲ್ಲ. ಅಂಥದ್ದೊಂದು ಬೆಳಗ್ಗೆ ಹಾಸನದಿಂದ ಅಪ್ಪನ ಫೋನ್ ಬಂತು. ಸೈಟು ಮಾರಿದ ಹಣವನ್ನು ಅಣ್ಣನಿಗೂ ನನಗೂ ಹಂಚಿದ್ದೇನೆ, ನಿನ್ನ ಪಾಲು 6 ಲಕ್ಷ, ಅಕೌಂಟಿಗೆ ಹಾಕಿದ್ದೇನೆ ಎಂದರು. ನಾನು ಬೇಡ ಎನ್ನುವಷ್ಟರಲ್ಲಿ, "ಮಗು ಬರ್ತಿದೆಯಲ್ಲ ಪುಟ್ಟಿ, ಇಟ್ಕೋ" ಅಂದರು. ಆಗ ನನಗೆ ಐದು ತಿಂಗಳು.

ಮದುವೆಯಾಗಿ ನಾಲ್ಕು ವರ್ಷ. ನನ್ನ ಗಂಡ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾನೆ. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. 2022ರ ಕೊನೆಯಲ್ಲಿ ಈ ಫ್ಲ್ಯಾಟು ಕೊಂಡಾಗ 40 ಲಕ್ಷ ಸಾಲ ಮಾಡಿದೆವು, 20 ವರ್ಷಕ್ಕೆ, ತಿಂಗಳ ಕಂತು 34,713 ರೂಪಾಯಿ. ಮೂರು ವರ್ಷ ಮೂರು ತಿಂಗಳು ಕಂತು ಕಟ್ಟಿ, ನಡುವೆ ನನ್ನ ಬೋನಸ್ಸಿನಲ್ಲಿ ಒಮ್ಮೆ 30 ಸಾವಿರ ಹೆಚ್ಚುವರಿಯಾಗಿ ಕಟ್ಟಿ, ಈ ಜನವರಿಯಲ್ಲಿ ನೋಡಿದರೆ ಬಾಕಿ ಇನ್ನೂ 37 ಲಕ್ಷ 50 ಸಾವಿರ. ಹೆಚ್ಚುಕಡಿಮೆ ಹದಿಮೂರೂವರೆ ಲಕ್ಷ ಕಟ್ಟಿದ್ದರಲ್ಲಿ ಅಸಲಿಗೆ ಹೋದದ್ದು ಎರಡೂವರೆ ಲಕ್ಷ ಮಾತ್ರ. ಮೊದಲ ವರ್ಷಗಳ ಕಂತು ಬಹುಪಾಲು ಬಡ್ಡಿಗೇ ಹೋಗುತ್ತದೆ ಎಂದು ಗೊತ್ತಿತ್ತು. ಗೊತ್ತಿರುವುದು ಬೇರೆ, ಸ್ಟೇಟ್‌ಮೆಂಟಿನಲ್ಲಿ ಕಾಣುವುದು ಬೇರೆ.

ಆ ಸಂಜೆಯೇ ಸಲಹೆಗಳು ಬರಲು ಶುರುವಾದವು. ಅತ್ತೆ ಸಾಗರದಿಂದ, "ಸಾಲ ಅಂದ್ರೆ ಶೂಲ, ಮೊದ್ಲು ಅದನ್ನ ತೀರಿಸಿ" ಅಂದರು. ಅಣ್ಣ, "ಹೋಮ್ ಲೋನಿಗೆ ಯಾರಾದ್ರೂ ಮೊದ್ಲೇ ಕಟ್ತಾರಾ? ಇಂಡೆಕ್ಸ್ ಫಂಡಿಗೆ ಹಾಕು, ಹದಿನೈದು ವರ್ಷ ಮುಟ್ಬೇಡ" ಅಂದ. ಗಂಡನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರು ಕುಲ್ಹಡ್ ಚಹಾ ಹಿಡಿದುಕೊಂಡು ಖಚಿತವಾಗಿ ಹೇಳಿದರಂತೆ: ಗೃಹಸಾಲ ಎಂದೂ ಬೇಗ ತೀರಿಸಬಾರದು, ತೆರಿಗೆ ಉಳಿಸುವ ಒಂದೇ ದಾರಿ ಅದು, ಸರ್ಕಾರವೇ ನಿಮ್ಮ ಬಡ್ಡಿಯಲ್ಲಿ ಪಾಲು ಕೊಡುತ್ತಿರುವಾಗ ಯಾಕೆ ಬಿಡುತ್ತೀರಿ?

ಗಂಡನಿಗೆ ಈ ಕೊನೆಯ ಮಾತು ಹಿಡಿಸಿತು. ಅವನ ಬಳಿ ಅದಕ್ಕೆ ಅಂಕಿಯೂ ಇತ್ತು. "ನೋಡು, ಬಡ್ಡಿ ತೋರಿಸಿದ್ದಕ್ಕೆ ವರ್ಷಕ್ಕೆ 62,400 ತೆರಿಗೆ ಉಳೀತಿದೆ. ಇದನ್ನ ಯಾಕೆ ಕಳ್ಕೊಳ್ಬೇಕು?"

ಆ 62,400 ಎಲ್ಲಿಂದ ಬಂತು ಎಂದು ನೋಡಲು ಹೊರಟದ್ದೇ ಈ ಲೆಕ್ಕದ ಆರಂಭ. ಆ ವಾರ ಅವನ ಆಫೀಸಿನಿಂದಲೂ ತೆರಿಗೆ ವಿನಾಯಿತಿಯ ದಾಖಲೆ ಕೊಡಿ ಎಂಬ ಸುತ್ತೋಲೆ ಬಂದಿತ್ತು. ಹಾಗಾಗಿ ಕಾಗದಗಳೆಲ್ಲ ಹೇಗೂ ಊಟದ ಮೇಜಿನ ಮೇಲಿದ್ದವು.

ಮೊದಲು ಅವನ ಲೆಕ್ಕ. ವರ್ಷದ ಸಂಬಳ 15 ಲಕ್ಷ. ಆದಾಯ ತೆರಿಗೆಯಲ್ಲಿ ಈಗ ಎರಡು ಪದ್ಧತಿಗಳಿವೆ. ಹಳೆಯದರಲ್ಲಿ ವಿನಾಯಿತಿಗಳು ಹೆಚ್ಚು, ದರವೂ ಹೆಚ್ಚು. ಹೊಸದರಲ್ಲಿ ವಿನಾಯಿತಿಗಳು ಬಹುತೇಕ ಇಲ್ಲ, ದರ ಕಡಿಮೆ. ಏನೂ ಹೇಳದಿದ್ದರೆ ಹೊಸದೇ ಅನ್ವಯ. ಹಳೆಯದು ಬೇಕೆಂದರೆ ಕೇಳಿ ಪಡೆಯಬೇಕು. ಇವನು ಪ್ರತಿ ಏಪ್ರಿಲ್‌ನಲ್ಲೂ ಹಳೆಯದನ್ನು ಕೇಳಿ ಪಡೆಯುತ್ತಿದ್ದ. "ಹೋಮ್ ಲೋನ್ ಇರೋರಿಗೆ ಹಳೇದೇ ಒಳ್ಳೇದು" ಎಂದು ಎಲ್ಲರೂ ಹೇಳುತ್ತಿದ್ದರು.

ಹಳೆಯ ಪದ್ಧತಿಯಲ್ಲಿ ಅವನಿಗೆ ಸಿಗುತ್ತಿದ್ದ ಕಡಿತಗಳು ಇವು: ಸಂಬಳದಾರರೆಲ್ಲರಿಗೂ ಸಿಗುವ 50 ಸಾವಿರ, 80ಸಿ ಅಡಿಯಲ್ಲಿ ಗರಿಷ್ಠ ಒಂದೂವರೆ ಲಕ್ಷ, ಅದಕ್ಕೆ ಸಾಲದ ಅಸಲಿನ ಕಂತೂ ಪಿಂಚಣಿ ಖಾತೆಗೆ ಸಂಬಳದಿಂದ ಹೋಗುವ ಹಣವೂ ಸೇರಿ ತುಂಬಿ ಚೆಲ್ಲುತ್ತಿತ್ತು, ಪಿಂಚಣಿಯ ಉಳಿದ ಹಣಕ್ಕೆ ಪ್ರತ್ಯೇಕವಾಗಿ 50 ಸಾವಿರ, ಆರೋಗ್ಯ ವಿಮೆಗೆ 25 ಸಾವಿರ, ಕೊನೆಗೆ ಕಲಂ 24(ಬಿ) ಅಡಿಯಲ್ಲಿ ಗೃಹಸಾಲದ ಬಡ್ಡಿಗೆ 2 ಲಕ್ಷ. ಎಲ್ಲ ಸೇರಿ 4 ಲಕ್ಷ 75 ಸಾವಿರ. ಉಳಿದ 10 ಲಕ್ಷ 25 ಸಾವಿರಕ್ಕೆ ತೆರಿಗೆ, ಸೆಸ್ ಸೇರಿ, 1,24,800 ರೂಪಾಯಿ. ಬಡ್ಡಿಯ 2 ಲಕ್ಷ ಇಲ್ಲದಿದ್ದರೆ 1,87,200 ಆಗುತ್ತಿತ್ತು. ವ್ಯತ್ಯಾಸ 62,400. ಅವನ ಅಂಕಿ ಸರಿಯಾಗಿಯೇ ಇತ್ತು.

"ಸರಿ," ಅಂದೆ. "ಈಗ ನಾವು 6 ಲಕ್ಷ ಕಟ್ಟಿದರೆ ಈ 62,400ರಲ್ಲಿ ಎಷ್ಟು ಹೋಗುತ್ತೆ?"

"ಬಡ್ಡಿ ಕಮ್ಮಿಯಾದಷ್ಟೂ ಹೋಗುತ್ತೆ."

ಇಲ್ಲಿ ನಾವಿಬ್ಬರೂ ಸ್ವಲ್ಪ ಹೊತ್ತು ತಪ್ಪಿದೆವು. ಬಾಕಿ 37 ಲಕ್ಷ 50 ಸಾವಿರ, ಬಡ್ಡಿ ಈಗ 8%. ಮುಂದಿನ ಹನ್ನೆರಡು ತಿಂಗಳಲ್ಲಿ ನಾವು ಕಟ್ಟುವ ಬಡ್ಡಿ ಸುಮಾರು 2 ಲಕ್ಷ 96 ಸಾವಿರ. ಆದರೆ ನಾವೇ ವಾಸಿಸುವ ಮನೆಗೆ ಕಾನೂನು ಒಪ್ಪುವುದು ಹೆಚ್ಚೆಂದರೆ 2 ಲಕ್ಷ. ಮೇಲಿನ 96 ಸಾವಿರಕ್ಕೆ ಒಂದು ಪೈಸೆಯ ತೆರಿಗೆ ಲಾಭವೂ ಇಲ್ಲ, ಅದು ನಮ್ಮ ಜೇಬಿನಿಂದ ಪೂರ್ತಿಯಾಗಿ ಹೋಗುವ ಬಡ್ಡಿ. 6 ಲಕ್ಷ ಕಟ್ಟಿದರೆ ವರ್ಷಕ್ಕೆ ಕಡಿಮೆಯಾಗುವ ಬಡ್ಡಿ 48 ಸಾವಿರ. ಆಗಲೂ ಬಡ್ಡಿ ಎರಡೂವರೆ ಲಕ್ಷದ ಹತ್ತಿರ ಇರುತ್ತದೆ, 2 ಲಕ್ಷದ ಮಿತಿಯ ಕೆಳಗೆ ಇಳಿಯುವುದೇ ಇಲ್ಲ. ಅಂದರೆ ಕಳೆದುಕೊಳ್ಳುವ ತೆರಿಗೆ ಲಾಭ ಸೊನ್ನೆ. ಈ ಲೆಕ್ಕದಲ್ಲಿ 12 ಲಕ್ಷದವರೆಗೆ ಕಟ್ಟಿದರೂ ಮೊದಲ ವರ್ಷ 62,400 ಹಾಗೇ ಉಳಿಯುತ್ತದೆ.

ಹಿರಿಯರು ಹೇಳಿದ ಮಾತು ಸುಳ್ಳಲ್ಲ, ಅದು ಬೇರೆಯವರ ಸಾಲಕ್ಕೆ ನಿಜ. ಬಾಕಿ 20 ಲಕ್ಷ ಇದ್ದು ವರ್ಷದ ಬಡ್ಡಿ 1 ಲಕ್ಷ 60 ಸಾವಿರ ಇದ್ದರೆ, ಅದರ ಪ್ರತಿ ರೂಪಾಯಿಗೂ ವಿನಾಯಿತಿ ಸಿಗುತ್ತಿರುತ್ತದೆ. 30% ಸ್ಲ್ಯಾಬಿನಲ್ಲಿರುವವರಿಗೆ, ಸೆಸ್ ಸೇರಿ 31.2%, ಆ 8% ಸಾಲ ನಿಜವಾಗಿ ಬೀಳುವುದು ಐದೂವರೆ ಶೇಕಡಾಕ್ಕೆ. ಅಂಥ ಸಾಲವನ್ನು ತೀರಿಸುವ ಅವಸರ ಬೇಡ ಎಂದರೆ ಒಪ್ಪಬಹುದು. ಸಾಲದ ಸರಾಸರಿ ಖರ್ಚು ಎಷ್ಟು ಎಂದು ನೋಡಿದರೆ ಸಾಲದು; ಈಗ ತೀರಿಸಲು ಹೊರಟ ಆ ಭಾಗದ ಖರ್ಚು ಎಷ್ಟು ಎಂದು ನೋಡಬೇಕು. ನಮ್ಮ ಸಾಲದ ಮೇಲಿನ 12 ಲಕ್ಷ ಪೂರಾ 8%ದ ಸಾಲ. ಅದರ ಕೆಳಗಿನದು ಮಾತ್ರ ಅಗ್ಗದ್ದು. ಹಾಗೆ ಎರಡು ಪದರ ಇದೆ ಎಂದು ಬ್ಯಾಂಕಿನ ಯಾವ ಕಾಗದವೂ ಹೇಳುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಅವನು ಹಳೆಯ ಪದ್ಧತಿಯಲ್ಲೇ ಇರುತ್ತಿದ್ದ. ಆ ರಾತ್ರಿ ನಿದ್ದೆ ಬಾರದೆ ಎದ್ದು ಕೂತಾಗ, ಹೊಸ ಪದ್ಧತಿಯಲ್ಲಿ ಎಷ್ಟಾಗುತ್ತದೆ ನೋಡೋಣ ಎಂದು ಸುಮ್ಮನೆ ಬರೆದೆ. 15 ಲಕ್ಷದಲ್ಲಿ 75 ಸಾವಿರ ಕಳೆದರೆ 14 ಲಕ್ಷ 25 ಸಾವಿರ. ಬೇರೆ ಯಾವ ಕಡಿತವೂ ಇಲ್ಲ. ನಾವೇ ವಾಸಿಸುವ ಮನೆಯ ಬಡ್ಡಿಗಂತೂ ಹೊಸ ಪದ್ಧತಿಯಲ್ಲಿ ಜಾಗವೇ ಇಲ್ಲ. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. 8 ಲಕ್ಷದವರೆಗೆ 5%, ಅಂದರೆ 20 ಸಾವಿರ. 12 ಲಕ್ಷದವರೆಗೆ 10%, 40 ಸಾವಿರ. ಉಳಿದ 2 ಲಕ್ಷ 25 ಸಾವಿರಕ್ಕೆ 15%, 33,750. ಒಟ್ಟು 93,750, ಸೆಸ್ ಸೇರಿ 97,500.

ಎರಡು ಸಲ ಕೂಡಿ ನೋಡಿದೆ. ಎಲ್ಲ ವಿನಾಯಿತಿಗಳನ್ನೂ, ಮನೆಸಾಲದ ಬಡ್ಡಿಯನ್ನೂ ತೋರಿಸಿ ಹಳೆಯ ಪದ್ಧತಿಯಲ್ಲಿ ಕಟ್ಟುವುದು 1,24,800. ಏನನ್ನೂ ತೋರಿಸದೆ ಹೊಸದರಲ್ಲಿ ಕಟ್ಟುವುದು 97,500. ವರ್ಷಕ್ಕೆ 62,400 ಉಳಿಸುತ್ತಿದ್ದೇವೆ ಎಂದುಕೊಂಡು ನಾವು 27,300 ಹೆಚ್ಚು ಕಟ್ಟಲು ಹೊರಟಿದ್ದೆವು.

ಬೆಳಗ್ಗೆ ತೋರಿಸಿದಾಗ ಅವನು ನಂಬಲಿಲ್ಲ. "ಹೋದ ವರ್ಷ ನಾನೇ ಹಾಕಿ ನೋಡಿದ್ದೆ ಕಣೇ, ಹಳೇದೇ ಕಮ್ಮಿ ಬಂದಿತ್ತು" ಅಂದ. ಅದೂ ನಿಜ. ಹಿಂದಿನ ವರ್ಷದ ದರಗಳನ್ನು ಇದೇ ಸಂಬಳಕ್ಕೆ ಹಾಕಿದರೆ ಹೊಸ ಪದ್ಧತಿಯಲ್ಲಿ 1,30,000 ಬರುತ್ತದೆ, ಹಳೆಯದರಲ್ಲಿ 1,24,800. ಆಗ ಹಳೆಯದು ಐದು ಸಾವಿರದಷ್ಟು ಅಗ್ಗವಾಗಿತ್ತು. 2025ರ ಫೆಬ್ರವರಿಯ ಬಜೆಟ್ಟಿನಲ್ಲಿ ಹೊಸ ಪದ್ಧತಿಯ ಸ್ಲ್ಯಾಬುಗಳು ಬದಲಾದವು, ತಕ್ಕಡಿ ಆ ಕಡೆ ವಾಲಿತು. ಬಜೆಟ್ಟಿನ ದಿನ ನಾವೂ ಟಿವಿ ನೋಡಿದ್ದೆವು. 12 ಲಕ್ಷದವರೆಗೆ ತೆರಿಗೆ ಇಲ್ಲ ಎಂಬ ಸುದ್ದಿ ಕೇಳಿ, ಅದು ನನಗೆ ಅನ್ವಯ, ಅವನಿಗಲ್ಲ ಎಂದುಕೊಂಡು ಸುಮ್ಮನಾಗಿದ್ದೆವು. ನನ್ನ ಸಂಬಳ 12 ಲಕ್ಷ, 75 ಸಾವಿರ ಕಳೆದರೆ 11 ಲಕ್ಷ 25 ಸಾವಿರ, ನನಗೆ ತೆರಿಗೆ ಸೊನ್ನೆ. 15 ಲಕ್ಷದವನ ತೆರಿಗೆಯೂ ಇಳಿದಿದೆ ಎಂದು ನೋಡುವ ಗೋಜಿಗೆ ಹೋಗಿರಲಿಲ್ಲ.

ಅವನ ಸಂಬಳಕ್ಕೆ ಹಳೆಯ ಪದ್ಧತಿ ಲಾಭವಾಗಬೇಕಾದರೆ ಎಲ್ಲ ಕಡಿತಗಳೂ ಸೇರಿ ಸುಮಾರು 5 ಲಕ್ಷ 94 ಸಾವಿರ ದಾಟಬೇಕು. ಬಾಡಿಗೆ ಮನೆಯಲ್ಲಿದ್ದು ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವವರಿಗೆ ಅದು ಸಾಧ್ಯ. ಸ್ವಂತ ಮನೆಯಲ್ಲಿರುವವನಿಗೆ ಆ ಬಾಗಿಲು ಮುಚ್ಚಿದೆ. ಮನೆಸಾಲ ಇರುವವರಿಗೆ ಹಳೆಯದೇ ಒಳ್ಳೆಯದು ಎಂಬ ಮಾತಿನಲ್ಲಿ ಯಾರೂ ಈ ಅರ್ಧವನ್ನು ಹೇಳುವುದಿಲ್ಲ: ಸಾಲ ಮಾಡಿ ಮನೆ ಕೊಂಡ ದಿನವೇ ಬಾಡಿಗೆಯ ವಿನಾಯಿತಿ ಹೋಗಿರುತ್ತದೆ.

ಆಫೀಸಿನಲ್ಲಿ ವಿಚಾರಿಸಿದಾಗ ವರ್ಷದ ನಡುವೆ ಪದ್ಧತಿ ಬದಲಿಸುವುದಿಲ್ಲ ಎಂದರು. ಅದರಿಂದ ನಷ್ಟವೇನಿಲ್ಲ. ವ್ಯಾಪಾರದ ಆದಾಯವಿಲ್ಲದ ಸಂಬಳದಾರರು ಪ್ರತಿ ವರ್ಷವೂ ರಿಟರ್ನ್ ಸಲ್ಲಿಸುವಾಗ ಪದ್ಧತಿ ಆರಿಸಿಕೊಳ್ಳಬಹುದು. ಸಂಬಳದಲ್ಲಿ ಹಳೆಯ ಲೆಕ್ಕದಂತೆ ಹೆಚ್ಚು ಹಿಡಿದಿದ್ದರೆ ಅದು ವಾಪಸು ಬರುತ್ತದೆ. ಗಡುವಿನೊಳಗೆ ಸಲ್ಲಿಸಬೇಕು, ಅಷ್ಟೇ.

ಹೀಗೆ ತೆರಿಗೆಯ ಪ್ರಶ್ನೆ ತಾನಾಗಿಯೇ ತೀರ್ಮಾನವಾಯಿತು. ಹೊಸ ಪದ್ಧತಿಗೆ ಹೋದ ಮೇಲೆ ಸಾಲದ ಬಡ್ಡಿಗೆ ಯಾವ ವಿನಾಯಿತಿಯೂ ಇಲ್ಲ. ನಮ್ಮ ಸಾಲದ ಎರಡು ಪದರಗಳೂ ಒಂದೇ ಆದವು. ಪೂರ್ತಿ 37 ಲಕ್ಷ 50 ಸಾವಿರವೂ 8%ದ ಸಾಲ, ಮೇಲಿಂದ ಕೆಳಗಿನವರೆಗೆ. ಅದಕ್ಕೆ ಕಟ್ಟುವ ಪ್ರತಿ ರೂಪಾಯಿಯೂ 8% ಗಳಿಸಿದ ಹಾಗೆ, ಅದರ ಮೇಲೆ ತೆರಿಗೆಯೂ ಇಲ್ಲ, ಸಂಶಯವೂ ಇಲ್ಲ. ತಿಂಗಳು ತಿಂಗಳು ಲೆಕ್ಕವಾಗುವುದರಿಂದ ವರ್ಷಕ್ಕೆ ಅದು 8.3% ಆಗುತ್ತದೆ.

ಇದರ ಎದುರು ಅಣ್ಣ ಹೇಳಿದ ಇಂಡೆಕ್ಸ್ ಫಂಡ್. ಈಗಿರುವ ಕಂತಿನಲ್ಲೇ ಹೋದರೆ ನಮ್ಮ ಸಾಲ ತೀರಲು ಇನ್ನು 16 ವರ್ಷ ಬೇಕು. ಷೇರು ಫಂಡನ್ನು ವರ್ಷ ದಾಟಿ ಮಾರಿದರೆ, ಒಂದು ವರ್ಷದಲ್ಲಿ 1 ಲಕ್ಷ 25 ಸಾವಿರ ಮೀರಿದ ಲಾಭಕ್ಕೆ 12.5% ತೆರಿಗೆ. 3 ಲಕ್ಷ ಹಾಕಿ 16 ವರ್ಷ ಬಿಟ್ಟು ಒಟ್ಟಿಗೆ ಮಾರಿದರೆ, ಸಾಲ ತೀರಿಸಿದ್ದಕ್ಕೆ ಸರಿಸಮವಾಗಲು ಫಂಡು ಪ್ರತಿ ವರ್ಷ ಸರಾಸರಿ 9%ದ ಆಸುಪಾಸಿನಲ್ಲಿ ಬೆಳೆಯಬೇಕು. ಅಷ್ಟು ಬೆಳೆಯಬಹುದು, ಹನ್ನೆರಡೂ ಆಗಬಹುದು. ಅಣ್ಣನ ಮಾತನ್ನು ನಾನು ತಳ್ಳಿಹಾಕಲಿಲ್ಲ. ಆದರೆ ಒಂಬತ್ತನ್ನು ದಾಟಿದ ಮೇಲಿನದು ಮಾತ್ರ ಲಾಭ; ಆ ಎರಡು ಮೂರು ಶೇಕಡಾಕ್ಕೆ ಹದಿನಾರು ವರ್ಷದ ಏರಿಳಿತವನ್ನು ತಡೆದುಕೊಳ್ಳಬೇಕು. "ಹನ್ನೆರಡು ಬರುತ್ತೆ, ಎಂಟು ಕಟ್ತೀಯ, ನಾಲ್ಕು ಲಾಭ" ಎಂದು ಅವನು ಹೇಳಿದಾಗ ಹನ್ನೆರಡು ನಿರೀಕ್ಷೆ, ಎಂಟು ಖಚಿತ ಎಂಬುದನ್ನು ಬಿಟ್ಟಿದ್ದ. ಬ್ಯಾಂಕಿನ ಎಫ್‌ಡಿ ಆರೂವರೆಯಲ್ಲೇ ನಿಂತಿತ್ತು, ಅದು ಸಾಲಕ್ಕೆ ಸರಿಗಟ್ಟುವ ಮಾತೇ ಇಲ್ಲ.

ಅಂದರೆ ಆರೂ ಲಕ್ಷ ಸಾಲಕ್ಕೆ ಕಟ್ಟಬೇಕು. ಲೆಕ್ಕ ಹಾಗೆ ಹೇಳುತ್ತಿತ್ತು. ಕಟ್ಟಿದರೆ ಕಂತು ಬದಲಾಗದೆ 52 ತಿಂಗಳು ಮೊದಲೇ ಸಾಲ ಮುಗಿಯುತ್ತದೆ. ಅವನು ಖುಷಿಯಾಗಿ, "ನಾಳೆನೇ ಕಟ್ಟಿಬಿಡೋಣ" ಅಂದ.

ನಾನು ಹೂಂ ಅನ್ನಲಿಲ್ಲ. ಯಾಕೆ ಎಂದು ನನಗೂ ಆ ಕ್ಷಣ ಗೊತ್ತಾಗಲಿಲ್ಲ.

ಒಂದು ಕಾರಣ ಕೈಯ ಹಣ. ಕಂತು ಸೇರಿ ಮನೆಯ ಖರ್ಚು ತಿಂಗಳಿಗೆ 75 ಸಾವಿರ. ಹೆರಿಗೆಗೆ 26 ವಾರ ಸಂಬಳದ ರಜೆ ಇದೆ, ಅದರ ಮೇಲೆ ಇನ್ನಾರು ತಿಂಗಳು ಸಂಬಳವಿಲ್ಲದೆ ಇರಬೇಕೆಂದು ನನ್ನ ಆಸೆ. ಆಗ ಅವನ ಕೈಗೆ ಬರುವ ಒಂದು ಲಕ್ಷ ಚಿಲ್ಲರೆಯಲ್ಲೇ ಎಲ್ಲ ನಡೆಯಬೇಕು. ಸಾಲಕ್ಕೆ ಕಟ್ಟಿದ ಹಣ ವಾಪಸು ಬರುವುದಿಲ್ಲ. ಮಗುವಿಗೆ ಜ್ವರ ಬಂದ ರಾತ್ರಿ ಬ್ಯಾಂಕಿಗೆ ಹೋಗಿ, ಹೋದ ಜನವರಿ ಆರು ಲಕ್ಷ ಕಟ್ಟಿದ್ದೆವಲ್ಲ, ಅದರಲ್ಲಿ ಐವತ್ತು ಸಾವಿರ ಕೊಡಿ ಎನ್ನಲಾಗದು. ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲಗಳಲ್ಲಿ ಹೀಗೆ ಹಾಕಿ ತೆಗೆಯುವ ಅವಕಾಶವಿದೆ, ನಮ್ಮದು ಅದಲ್ಲ. ಇನ್ನೊಂದು ಸಂಗತಿ: ಹೀಗೆ ದೊಡ್ಡ ಮೊತ್ತ ಕಟ್ಟಿದರೂ ಮುಂದಿನ ತಿಂಗಳ ಕಂತು ತಪ್ಪುವುದಿಲ್ಲ. ಅವಧಿ ಕಡಿಮೆಯಾಗುತ್ತದೆ, ಈ ವರ್ಷದ ಭಾರ ಇಳಿಯುವುದಿಲ್ಲ. ಬಡ್ಡಿಯ ಲೆಕ್ಕಕ್ಕೆ ಈ ಭಯ ಸೇರುವುದಿಲ್ಲ.

ಇದನ್ನು ಹೇಳಿದೆ. ಅವನು ತಕ್ಷಣ ಒಪ್ಪಿದ. "ಅರ್ಧ ಇಟ್ಕೊಳ್ಳೋಣ, ನಾಲ್ಕು ತಿಂಗಳ ಖರ್ಚು ಕೈಲಿರುತ್ತೆ." ಆದರೂ ನನ್ನ ಬಾಯಿಂದ ಹೂಂ ಬರಲಿಲ್ಲ.

ಅದು ಸಂಕ್ರಾಂತಿಯ ದಿನ, ಇಲ್ಲಿ ಅದಕ್ಕೆ ಖಿಚಡಿ ಎನ್ನುತ್ತಾರೆ. ಎಳ್ಳು ಬೆಲ್ಲ ಮಾಡಿ ಪಕ್ಕದ ಮನೆಯ ಭಾಭಿಗೆ ಕೊಟ್ಟು ಬಂದು ಅಮ್ಮನಿಗೆ ಫೋನ್ ಮಾಡಿದೆ. ಲೆಕ್ಕವನ್ನೆಲ್ಲ ಹೇಳಿದೆ. ಅಮ್ಮನಿಗೆ ಸ್ಲ್ಯಾಬು, ಸೆಸ್ಸು ಏನೂ ತಿಳಿಯುವುದಿಲ್ಲ. ಎಲ್ಲ ಕೇಳಿಸಿಕೊಂಡು, "ಮನೆ ಯಾರ ಹೆಸರಲ್ಲಿದೆ?" ಅಂದಳು.

ಮನೆ ಅವನ ಹೆಸರಿನಲ್ಲಿದೆ. ರಿಜಿಸ್ಟ್ರಿಯ ದಿನ ನಾನು ಬೆಂಗಳೂರಿನಲ್ಲಿದ್ದೆ, ಆಗಿನ್ನೂ ಮನೆಯಿಂದ ಕೆಲಸ ಮಾಡಲು ಅನುಮತಿ ಸಿಕ್ಕಿರಲಿಲ್ಲ, ರಜೆಯೂ ಸಿಗಲಿಲ್ಲ. ಬಿಲ್ಡರ್ ಅವಸರ ಮಾಡಿದ. ನಂತರ ಸೇರಿಸಿದರಾಯಿತು ಎಂದುಕೊಂಡೆವು. ಸಾಲದಲ್ಲಿ ಮಾತ್ರ ನಾನು ಸಹ ಸಾಲಗಾರಳು, ನನ್ನ ಸಂಬಳವನ್ನೂ ಸೇರಿಸಿಯೇ ಬ್ಯಾಂಕು ಅಷ್ಟು ಸಾಲ ಕೊಟ್ಟದ್ದು. ಹಳೆಯ ಪದ್ಧತಿಯ ಲೆಕ್ಕ ಮಾಡುವಾಗಲೂ ಇದು ಎದುರಾಗಿತ್ತು. ಗಂಡ ಹೆಂಡತಿ ಇಬ್ಬರೂ ಮನೆಯ ಒಡೆಯರೂ ಸಾಲಗಾರರೂ ಆಗಿದ್ದರೆ ಇಬ್ಬರಿಗೂ ತಲಾ 2 ಲಕ್ಷದ ಬಡ್ಡಿ ವಿನಾಯಿತಿ ಸಿಗುತ್ತದೆ. ಸಾಲಗಾರಳಾಗಿ ಒಡತಿಯಾಗಿಲ್ಲದಿದ್ದರೆ ಅರ್ಧ ಕಂತು ಕಟ್ಟಿದರೂ ಏನೂ ಸಿಗದು. ನನಗೆ ತೆರಿಗೆಯೇ ಇಲ್ಲದ್ದರಿಂದ ಅದನ್ನು ಆಗ ದಾಟಿ ಮುಂದೆ ಹೋಗಿದ್ದೆ. ತೆರಿಗೆ ಇಲಾಖೆಗೆ ಮುಖ್ಯವಾದ ಪ್ರಶ್ನೆ ನನಗೂ ಮುಖ್ಯ ಎಂದು ಅನ್ನಿಸಿರಲಿಲ್ಲ. ಅಪ್ಪನ ಸೈಟಿನ ಹಣ ನನ್ನ ಹೆಸರಿಲ್ಲದ ಗೋಡೆಗೆ ಹೋಗುತ್ತಿತ್ತು.

ಅವನ ಮೇಲೆ ಅನುಮಾನ ಇತ್ತೇ? ಇಲ್ಲ. ಆದರೂ ಹೇಳಲು ಎರಡು ದಿನ ಹಿಡಿಯಿತು. ಭಾನುವಾರ ಗೋದೌಲಿಯಾ ಕಡೆ ಹೋಗಿದ್ದೆವು. ಊರಿನಿಂದ ಬಂದ ಅವನ ದೂರದ ಸಂಬಂಧಿಗಳು ಜಂಗಮವಾಡಿ ಮಠದಲ್ಲಿ ಉಳಿದಿದ್ದರು, ಅವರನ್ನು ನೋಡಿ ಹಿಂತಿರುಗುವಾಗ ಮಲೈಯೋ ತಿನ್ನಲು ನಿಂತೆವು. ಚಳಿಗಾಲದ ಇಬ್ಬನಿಯಲ್ಲಿ ಇಟ್ಟು ಕಡೆದ ಹಾಲಿನ ನೊರೆ, ಬಾಯಿಗಿಟ್ಟರೆ ಕರಗಿ ಏನೂ ಉಳಿಯುವುದಿಲ್ಲ. ಆ ಹೆಂಗಸರಲ್ಲೊಬ್ಬರು ಕಾಶಿಯಲ್ಲಿ ಏನು ಬಿಟ್ಟು ಹೋಗಲಿ ಎಂದು ಚರ್ಚೆ ಮಾಡುತ್ತಿದ್ದರು. ಹಾಗಲಕಾಯಿ ಬಿಡುತ್ತೇನೆ ಎಂದರೆ, ಇಷ್ಟವಿಲ್ಲದ್ದನ್ನು ಬಿಟ್ಟರೆ ಲೆಕ್ಕಕ್ಕಿಲ್ಲ ಎಂದು ಅವರ ಗಂಡ ಛೇಡಿಸುತ್ತಿದ್ದರು. ಆ ನಗುವಿನಲ್ಲೇ ನಾನು ಹೇಳಿದೆ.

"ಮೂರು ಲಕ್ಷ ಕಟ್ಟೋಕೆ ನಂಗೆ ಒಪ್ಪಿಗೆ ಇದೆ. ಆದ್ರೆ ಅದು ಅಪ್ಪನ ಹಣ. ಮನೇಲಿ ನನ್ನ ಹೆಸರಿಲ್ಲ."

ಅವನು ಮಣ್ಣಿನ ಕುಡಿಕೆ ಹಿಡಿದುಕೊಂಡು ಸುಮ್ಮನೆ ನಿಂತ. ಆಮೇಲೆ, "ಮೂರು ವರ್ಷದಿಂದ ಅರ್ಧ ಕಂತು ನಿಂದೇ ಹೋಗ್ತಿದೆ. ಅವತ್ತೇ ಕೇಳ್ಬಾರ್ದಿತ್ತಾ?" ಅಂದ. ಕೋಪವೋ ನಾಚಿಕೆಯೋ ಗೊತ್ತಾಗಲಿಲ್ಲ. "ನೀನು ಅವತ್ತೇ ಹೇಳ್ಬಾರ್ದಿತ್ತಾ?" ಎಂದು ನಾನೂ ಕೇಳಿದೆ. ದಾರಿಯುದ್ದಕ್ಕೂ ಮಾತಿಲ್ಲ. ಆಟೋ ಲಂಕಾದ ಗದ್ದಲ ದಾಟಿದ ಮೇಲೆ ಅವನೇ, "ನಾಳೆ ರಿಜಿಸ್ಟ್ರಿ ಆಫೀಸಿನಲ್ಲಿ ಕೇಳ್ತೀನಿ" ಎಂದ.

ಅಲ್ಲಿ ತಿಳಿದದ್ದು ಇಷ್ಟು. ಉತ್ತರ ಪ್ರದೇಶದಲ್ಲಿ ಗಂಡ ಹೆಂಡತಿ, ಮಕ್ಕಳಂಥ ಹತ್ತಿರದವರಿಗೆ ಆಸ್ತಿಯನ್ನು ದಾನಪತ್ರದ ಮೂಲಕ ಕೊಟ್ಟರೆ ಸ್ಟಾಂಪ್ ಶುಲ್ಕ 5,000 ರೂಪಾಯಿ ಮಾತ್ರ, ಮೇಲೆ ಸಣ್ಣ ಖರ್ಚುಗಳು. ಗಂಡ ಹೆಂಡತಿಗೆ ಕೊಟ್ಟ ದಾನಕ್ಕೆ ಪಡೆದವಳು ಆದಾಯ ತೆರಿಗೆ ಕಟ್ಟಬೇಕಿಲ್ಲ. ಅಪ್ಪ ಮಗಳಿಗೆ ಕೊಟ್ಟ 6 ಲಕ್ಷಕ್ಕೂ ಹಾಗೆಯೇ. ತೊಡಕು ಒಂದೇ: ಮನೆ ಬ್ಯಾಂಕಿಗೆ ಅಡವಾಗಿರುವುದರಿಂದ ಬ್ಯಾಂಕಿನ ಒಪ್ಪಿಗೆ ಪತ್ರ ಇಲ್ಲದೆ ಅರ್ಧ ಭಾಗ ಬರೆದುಕೊಡುವಂತಿಲ್ಲ. ಅರ್ಜಿ ಕೊಟ್ಟೆವು. ನಾನು ಹೇಗೂ ಸಹ ಸಾಲಗಾರಳಾಗಿದ್ದರಿಂದ ಅವರು ಹೆಚ್ಚು ಪ್ರಶ್ನೆ ಕೇಳಲಿಲ್ಲ, ಸಮಯ ಮಾತ್ರ ತೆಗೆದುಕೊಂಡರು. ಪತ್ರ ಕೈಗೆ ಬಂದ ಮೇಲೆ ದಾನಪತ್ರ ನೋಂದಣಿಯಾಯಿತು. ಆ ವಾರವೇ 3 ಲಕ್ಷ ಕಟ್ಟಿದೆವು.

ಕಟ್ಟುವಾಗಲೂ ಒಂದು ಎಡವಟ್ಟಾಯಿತು, ಹೇಳಿದರೆ ಯಾರಿಗಾದರೂ ಉಪಯೋಗಕ್ಕೆ ಬಂದೀತು. ಆ್ಯಪಿನಲ್ಲಿ ಸಾಲದ ಖಾತೆಗೆ ಹಣ ಹಾಕಿದೆ, ಹೋಯಿತು. ನಾಲ್ಕು ದಿನ ಬಿಟ್ಟು ಸ್ಟೇಟ್‌ಮೆಂಟ್ ನೋಡಿದರೆ ಬಾಕಿ ಅಸಲು ಹಾಗೇ ಇದೆ. 3 ಲಕ್ಷ ಮುಂಗಡ ಕಂತು ಎಂದು ಒಂದು ಕಡೆ ಕೂತಿದೆ, ತಿಂಗಳು ತಿಂಗಳು ಅದರಿಂದಲೇ ಕಂತು ಕಳೆಯಲು ಕಾಯುತ್ತಿದೆ. ಹಾಗೆ ಬಿಟ್ಟಿದ್ದರೆ ಬಡ್ಡಿ ಒಂದು ರೂಪಾಯಿಯೂ ಇಳಿಯುತ್ತಿರಲಿಲ್ಲ. ಶಾಖೆಗೆ ಹೋಗಿ, ಇದು ಅಸಲಿಗೆ ಕಟ್ಟಿದ ಭಾಗಶಃ ಮರುಪಾವತಿ, ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ ಎಂದು ಬರೆದುಕೊಟ್ಟ ಮೇಲೆ ಸರಿಯಾಯಿತು. ಬದಲಾಗುವ ಬಡ್ಡಿದರದ ಗೃಹಸಾಲಕ್ಕೆ ವ್ಯಕ್ತಿಗಳು ಹೀಗೆ ಮೊದಲೇ ಕಟ್ಟಿದರೆ ಬ್ಯಾಂಕು ದಂಡ ಹಾಕುವಂತಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ 2012ರಿಂದಲೇ ಇದೆ. ಹೊಸ ಕಂತಿನ ಪಟ್ಟಿ ಕೇಳಿ ಪಡೆದೆವು. ಸಾಲ ಮುಗಿಯಲು 192 ತಿಂಗಳು ಇದ್ದದ್ದು 164ಕ್ಕೆ ಇಳಿದಿದೆ. ಆ ಪಟ್ಟಿಯೇ ಸರಿಯಾಗಿ ಜಮೆಯಾಗಿದೆ ಎಂಬುದಕ್ಕೆ ಸಾಕ್ಷಿ, ರಸೀದಿಯಲ್ಲ.

28 ತಿಂಗಳ ಕಂತು ಎಂದರೆ ಸುಮಾರು ಒಂಬತ್ತು ಮುಕ್ಕಾಲು ಲಕ್ಷ. 3 ಲಕ್ಷ ಕಟ್ಟಿ ಅಷ್ಟು ಉಳಿಸಿದೆವು ಎಂದು ಅತ್ತೆಗೆ ಹೇಳಿದಾಗ ಅವರಿಗೆ ಬಹಳ ಸಂತೋಷವಾಯಿತು. ನಾನು ಅದನ್ನು ಅಷ್ಟು ದೊಡ್ಡದಾಗಿ ನೋಡುವುದಿಲ್ಲ. ಆ ಉಳಿತಾಯ ಸಿಗುವುದು ಹದಿಮೂರು ವರ್ಷ ಕಳೆದ ಮೇಲೆ, ಆಗಿನ ರೂಪಾಯಿಯಲ್ಲಿ. ಅದು ವರ್ಷಕ್ಕೆ 8%ದ ಇನ್ನೊಂದು ಹೆಸರು, ಅದಕ್ಕಿಂತ ಹೆಚ್ಚಲ್ಲ.

ಉಳಿದ 3 ಲಕ್ಷ ನನ್ನ ಹೆಸರಿನಲ್ಲಿ ಮೂರು ಎಫ್‌ಡಿಗಳಾಗಿವೆ, ಒಂದನ್ನು ಮುರಿದರೆ ಇನ್ನೆರಡು ಉಳಿಯಲಿ ಎಂದು. ಅದರ ಬಡ್ಡಿ ವರ್ಷಕ್ಕೆ 19,500. ನನ್ನ ಆದಾಯದೊಂದಿಗೆ ಸೇರಿದರೂ 12 ಲಕ್ಷದ ಒಳಗೇ ಇರುವುದರಿಂದ ತೆರಿಗೆ ಬೀಳದು. ಸಾಲಕ್ಕಿಂತ ಒಂದೂವರೆ ಶೇಕಡಾ ಕಡಿಮೆ, ಅಂದರೆ ವರ್ಷಕ್ಕೆ ನಾಲ್ಕೂವರೆ ಸಾವಿರ ನಷ್ಟ. ರಾತ್ರಿ ನಿದ್ದೆಗೆ ಅಷ್ಟು ಕೊಡಬಹುದು ಎಂದು ಇಬ್ಬರೂ ಒಪ್ಪಿಕೊಂಡೆವು. ಅಣ್ಣ ಕೇಳಿದರೆ ಹೇಳಲು ನಮ್ಮ ಹಳೆಯ ಎಸ್‌ಐಪಿ ಇದೆ, ಅದನ್ನು ನಿಲ್ಲಿಸಿಲ್ಲ.

ಇನ್ನು ಆ 27,300. ರಿಟರ್ನ್ ಸಲ್ಲಿಸಿದ ಮೇಲೆ ಅದು ಅವನ ಖಾತೆಗೆ ವಾಪಸು ಬರಬೇಕು. ಬಂದ ದಿನ ಅದನ್ನೂ ಸಾಲಕ್ಕೆ ಕಟ್ಟುವುದೆಂದು ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದ್ದಾನೆ. ಅದರ ಕೆಳಗೆ ಇನ್ನೊಂದು ಸಾಲು ನಾನು ಬರೆದದ್ದು: ಪ್ರತಿ ಏಪ್ರಿಲ್‌ನಲ್ಲಿ ಎರಡೂ ಪದ್ಧತಿ ಹಾಕಿ ನೋಡುವುದು. ದರಗಳು ಒಂದೇ ವರ್ಷದಲ್ಲಿ ಹೀಗೆ ತಿರುಗಿದವು ಎಂದ ಮೇಲೆ ಮತ್ತೆ ತಿರುಗಲಾರವು ಎಂದು ಹೇಳುವಂತಿಲ್ಲ.

ಅಮ್ಮ ಮುಂದಿನ ತಿಂಗಳು ಬಾಣಂತನಕ್ಕೆ ಬರುತ್ತಿದ್ದಾಳೆ. ದಾನಪತ್ರದ ಪ್ರತಿಯನ್ನು ಕಳಿಸು ಎಂದಿದ್ದಳು, ಕಳಿಸಿದೆ. ಹಿಂದಿಯಲ್ಲಿದೆ, ಅವಳಿಗೆ ಓದಲು ಬರುವುದಿಲ್ಲ. ನನ್ನ ಹೆಸರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ ಫೋಟೋ ತೆಗೆದು ಕಳಿಸು ಎಂದಳು. ಅದನ್ನೂ ಕಳಿಸಿದೆ.